ಜಾಲಹಳ್ಳಿಯ ಗಡಿಯಾರ ಮತ್ತು ಅದರ ಎದೆಬಡಿತ

ಬ್ರೂಕ್‌ಫೀಲ್ಡಿನ ಹೆಸರನ್ನು ಬೆಂಗಳೂರು ಇನ್ನೂ ಕೇಳದಿದ್ದ, ಕುಂದಲಹಳ್ಳಿಯ ಸುತ್ತ ಹೊಲಗಳೇ ಹರಡಿದ್ದ ಕಾಲವದು. ನಗರದ ಇನ್ನೊಂದು ತುದಿಯ ಜಾಲಹಳ್ಳಿಯಲ್ಲಿ 1953ರಲ್ಲಿ ಹುಟ್ಟಿ, ಯಂತ್ರಗಳನ್ನು ಮಾಡುವ ಯಂತ್ರಗಳನ್ನು ತಯಾರಿಸುತ್ತಿದ್ದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರಕ್ಕೆ ಕೈಹಾಕಿತು. ಮೊದಲ ಕಂತಿನ ಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ನಾಡಿಗೆ ಅರ್ಪಿಸಿದರು. ಮುಂದೆ ‘ಜನತಾ’ ಎಂಬ ಗಡಿಯಾರ ಗುಮಾಸ್ತರ, ಮೇಷ್ಟ್ರುಗಳ, ಮದುವೆ ಗಂಡುಗಳ ಮಣಿಕಟ್ಟನ್ನು ಅಲಂಕರಿಸಿತು. ದಿನಕ್ಕೊಮ್ಮೆ ಕೀ ಕೊಟ್ಟರೆ ಸಾಕು, ಬ್ಯಾಟರಿಯ ಹಂಗಿಲ್ಲದೆ ಅದು ನಡೆಯುತ್ತಿತ್ತು. ನಡೆಯುವುದು ದೊಡ್ಡ ಮಾತಲ್ಲ, ಒಂದೇ ವೇಗದಲ್ಲಿ ನಡೆಯುವುದು ದೊಡ್ಡ ಮಾತು. ಆ ವೇಗವನ್ನು ಕಾದದ್ದು ಗಡಿಯಾರದೊಳಗಿನ ಎರಡು ಸಣ್ಣ ಅಂಗಗಳು.

ಕೀ ಕೊಟ್ಟಾಗ ಒಳಗಿನ ಉಕ್ಕಿನ ಪಟ್ಟಿಯೊಂದು, ಅಂದರೆ ಮೇನ್‌ಸ್ಪ್ರಿಂಗ್, ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಅದಕ್ಕೆ ಬಿಚ್ಚಿಕೊಳ್ಳುವ ಆತುರ. ತಡೆಯುವವರಿಲ್ಲದಿದ್ದರೆ ಚಕ್ರಗಳನ್ನೆಲ್ಲ ಗಿರ್ರನೆ ತಿರುಗಿಸಿ, ಒಂದು ದಿನದ ಶಕ್ತಿಯನ್ನು ಕೆಲವೇ ಕ್ಷಣಗಳಲ್ಲಿ ಮುಗಿಸಿಬಿಟ್ಟೀತು. ಆ ಆತುರಕ್ಕೆ ಕಡಿವಾಣ ಹಾಕುವ ಭಾಗಕ್ಕೆ ಎಸ್ಕೇಪ್‌ಮೆಂಟ್ ಎಂದು ಹೆಸರು. ಯಾವ ಲಯದಲ್ಲಿ ಕಡಿವಾಣ ಸಡಿಲಿಸಬೇಕೆಂದು ಹೇಳುವುದು ಬ್ಯಾಲೆನ್ಸ್ ವ್ಹೀಲ್.

ಬ್ಯಾಲೆನ್ಸ್ ವ್ಹೀಲ್ ಪೂರ್ತಿ ಸುತ್ತುತ್ತಲೇ ಇರುವ ಚಕ್ರವಲ್ಲ. ಅದು ಒಂದು ಕಡೆಗೆ ತಿರುಗಿ, ನಿಂತು, ಹಿಂದಕ್ಕೆ ಬರುತ್ತದೆ. ಅದನ್ನು ಮರಳಿ ಕರೆಯುವುದು ಕೂದಲಿನಷ್ಟು ತೆಳ್ಳಗಿನ ಸುರುಳಿ, ಹೇರ್‌ಸ್ಪ್ರಿಂಗ್. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1675ರಲ್ಲಿ ಈ ಸುರುಳಿಯ ಗಡಿಯಾರವನ್ನು ಲೋಕದ ಮುಂದಿಟ್ಟ. ಅಲ್ಲಿಯವರೆಗೆ ಜೇಬಿನ ಗಡಿಯಾರದ ಚಕ್ರಕ್ಕೆ ತನ್ನದೇ ಆದ ಲಯವಿರಲಿಲ್ಲ. ಸುರುಳಿ ಬಂದ ಮೇಲೆ ಲಯ ಬಂತು. ಚಕ್ರ ಹೆಚ್ಚು ದೂರ ತಿರುಗಿದರೆ ಸುರುಳಿ ಅಷ್ಟೇ ಬಿರುಸಾಗಿ ಎಳೆಯುತ್ತದೆ. ಕಡಿಮೆ ತಿರುಗಿದರೆ ಎಳೆತವೂ ಮೆದು. ಹೀಗಾಗಿ ತೂಗಾಟ ದೊಡ್ಡದಿರಲಿ ಚಿಕ್ಕದಿರಲಿ, ಅದಕ್ಕೆ ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದೇ. ಗಡಿಯಾರದ ಸತ್ಯವೆಲ್ಲ ಈ ಒಂದು ಗುಣದ ಮೇಲೆ ನಿಂತಿದೆ.

ಆದರೂ ಗಾಳಿ ಮತ್ತು ಘರ್ಷಣೆ ತೂಗಾಟವನ್ನು ತಿನ್ನುತ್ತವೆ. ಚಕ್ರ ನಿಲ್ಲದಂತೆ ಪ್ರತಿ ಸಲ ಚೂರು ಬಲ ಕೊಡಬೇಕು, ಆದರೆ ಅದರ ಲಯ ಕೆಡಬಾರದು. ಇಂಗ್ಲೆಂಡಿನ ಥಾಮಸ್ ಮಜ್ 1755ರ ಸುಮಾರಿಗೆ ರೂಪಿಸಿದ ಲೀವರ್ ಎಸ್ಕೇಪ್‌ಮೆಂಟ್ ಇದಕ್ಕೆ ಪರಿಹಾರ. ಜನತಾದ ಒಳಗೂ ಇರುವುದು ಅದರ ವಂಶದ್ದೇ.

ಬ್ಯಾಲೆನ್ಸಿನ ಪಕ್ಕದಲ್ಲಿ ಕವಲೊಡೆದ ಒಂದು ಪುಟ್ಟ ಸನ್ನೆ, ಪ್ಯಾಲೆಟ್ ಫೋರ್ಕ್, ಇದೆ. ಅದರ ಎರಡು ತೋಳುಗಳಲ್ಲಿ ಎರಡು ಕೆಂಪು ಕಲ್ಲುಗಳು. ಪಕ್ಕದಲ್ಲಿ ಎಸ್ಕೇಪ್ ವ್ಹೀಲ್, ಸಾಮಾನ್ಯವಾಗಿ 15 ಹಲ್ಲುಗಳದ್ದು. ಅದರ ಒಂದು ಹಲ್ಲು ಒಂದು ಕಲ್ಲಿಗೆ ಆತುಕೊಂಡು ನಿಂತಿರುತ್ತದೆ, ಗಡಿಯಾರದ ಚಕ್ರಸಾಲು ಪೂರ್ತಿ ಸ್ತಬ್ಧ. ತೂಗಿ ಬಂದ ಬ್ಯಾಲೆನ್ಸಿನ ಅಡಿಯಲ್ಲಿರುವ ಇನ್ನೊಂದು ಕಲ್ಲು ಕವಲಿನ ನಡುವೆ ಹೊಕ್ಕು ಅದನ್ನು ಸರಿಸುತ್ತದೆ. ಹಲ್ಲು ಬಿಡುಗಡೆಯಾಗಿ, ಕಲ್ಲಿನ ಇಳಿಜಾರು ಮುಖದ ಮೇಲೆ ಜಾರುತ್ತ ಸನ್ನೆಯನ್ನು ತಳ್ಳುತ್ತದೆ. ಸನ್ನೆ ಬ್ಯಾಲೆನ್ಸನ್ನು ತಳ್ಳುತ್ತದೆ. ಮರುಕ್ಷಣವೇ ಸನ್ನೆಯ ಎರಡನೆಯ ಕಲ್ಲು ಅಡ್ಡ ಬಂದು ಇನ್ನೊಂದು ಹಲ್ಲನ್ನು ಹಿಡಿಯುತ್ತದೆ. ನಮಗೆ ಕೇಳುವ ‘ಟಿಕ್’ ಎಂದರೆ ಈ ಬಿಡುಗಡೆ, ತಳ್ಳು, ಬಂಧನಗಳು ಒಟ್ಟಾದ ಸದ್ದು.

ಉಯ್ಯಾಲೆ ತೂಗುವ ತಾಯಿ ಕೈ ಮುಟ್ಟಿಸಿ ಬಿಡುತ್ತಾಳಲ್ಲ, ಹಾಗೆಯೇ ಇಲ್ಲಿಯೂ ಸ್ಪರ್ಶ ಕ್ಷಣಿಕ. ತೂಗಾಟದ ಬಹುಪಾಲು ದಾರಿಯಲ್ಲಿ ಬ್ಯಾಲೆನ್ಸ್ ಯಾರ ಕೈಗೂ ಸಿಗದೆ ಸ್ವತಂತ್ರವಾಗಿ ಓಡಾಡುತ್ತದೆ. ಬೆಳಿಗ್ಗೆ ಮೇನ್‌ಸ್ಪ್ರಿಂಗ್ ಬಿಗಿಯಾಗಿದ್ದು ರಾತ್ರಿ ಸಡಿಲಾದರೂ ಹೊತ್ತು ಅಷ್ಟಾಗಿ ಕೆಡದಿರುವುದಕ್ಕೆ ಈ ಸ್ವಾತಂತ್ರ್ಯವೇ ಕಾರಣ. ಮಜ್‌ನ ದೊಡ್ಡತನ ಇಲ್ಲಿದೆ ಎಂದು ನಾನು ನಂಬುತ್ತೇನೆ.

ಜನತಾ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ 5 ಸಲ ಮಿಡಿಯುತ್ತದೆ. ಎರಡು ಮಿಡಿತಕ್ಕೆ ಒಂದು ಹಲ್ಲು ದಾಟುತ್ತದೆ. ಎಸ್ಕೇಪ್ ವ್ಹೀಲಿಗೆ 15 ಹಲ್ಲುಗಳಿದ್ದರೆ 30 ಮಿಡಿತಕ್ಕೆ, 6 ಸೆಕೆಂಡಿಗೆ, ಅದರ ಒಂದು ಸುತ್ತು ಮುಗಿಯುತ್ತದೆ. ಹಾಗೆ ಹತ್ತು ಸುತ್ತಾದಾಗ ಸೆಕೆಂಡಿನ ಮುಳ್ಳು ಒಂದು ಪ್ರದಕ್ಷಿಣೆ ಮುಗಿಸಿರುತ್ತದೆ. ಡಯಲ್ ಮೇಲೆ ಬರೆದ 17 ಜ್ಯುವೆಲ್‌ಗಳಲ್ಲಿ ಹಲವು ಕಲ್ಲುಗಳು ಬ್ಯಾಲೆನ್ಸ್ ಮತ್ತು ಸನ್ನೆಯ ಈ ಕೆಲಸಕ್ಕೇ ಮೀಸಲು. ಸವೆತ ತಾಳಬೇಕಾದದ್ದು ಅಲ್ಲಿಯೇ ಅಲ್ಲವೇ?

ಹೊತ್ತು ತಿದ್ದುವ ಬಗೆಯೂ ಸರಳ. ಸುರುಳಿ ಚಿಕ್ಕದಾದರೆ ಗಡುಸಾಗಿ ಬ್ಯಾಲೆನ್ಸ್ ಬೇಗ ತೂಗುತ್ತದೆ, ಉದ್ದವಾದರೆ ನಿಧಾನ. ಸುರುಳಿಯ ಹೊರತುದಿಯನ್ನು ಹಿಡಿದ ಎರಡು ಸೂಕ್ಷ್ಮ ಪಿನ್ನುಗಳನ್ನು ಒಂದು ಸಣ್ಣ ಕಡ್ಡಿಯಿಂದ ಸರಿಸಿದರೆ, ದುಡಿಯುವ ಉದ್ದ ಬದಲಾಗುತ್ತದೆ. ಸುರುಳಿ 100 ಮಿಲಿಮೀಟರ್ ಇದೆಯೆಂದುಕೊಳ್ಳಿ. ದಿನಕ್ಕೆ 1 ನಿಮಿಷ ಹಿಂದೆ ಬೀಳುವ ಗಡಿಯಾರವನ್ನು ಸರಿಪಡಿಸಲು ಅದನ್ನು ಸುಮಾರು 0.14 ಮಿಲಿಮೀಟರ್ ಗಿಡ್ಡ ಮಾಡಿದರೆ ಸಾಕು. ವಾಚ್ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಆ ಕಡ್ಡಿಯನ್ನು ಮುಟ್ಟಿಯೂ ಮುಟ್ಟದಂತೆ ಸರಿಸುವುದು ಇದಕ್ಕಾಗಿ.

ಕಾಲ ತಿರುಗಿತು. 1978ರಲ್ಲಿ ತುಮಕೂರಿನಲ್ಲಿ ಎಚ್‌ಎಂಟಿಯ ಹೊಸ ಗಡಿಯಾರ ಕಾರ್ಖಾನೆ ಎದ್ದಿತು. 1980ರ ದಶಕದಲ್ಲಿ ಹೊಸೂರಿನಿಂದ ಟೈಟನ್‌ನ ಕ್ವಾರ್ಟ್ಸ್ ಗಡಿಯಾರಗಳು ಬಂದವು. ಅವುಗಳಲ್ಲಿ ಬ್ಯಾಲೆನ್ಸಿನ ಸಿಂಹಾಸನವನ್ನು ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು ಏರಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ನೀಡಿತು. ಆ ಹೊತ್ತಿಗೆ ಕುಂದಲಹಳ್ಳಿಯ ಸುತ್ತಲಿನ ಹೊಲಗಳು ಅಪಾರ್ಟ್‌ಮೆಂಟುಗಳೂ ಸಾಫ್ಟ್‌ವೇರ್ ಕಚೇರಿಗಳೂ ಆಗಿ ಬ್ರೂಕ್‌ಫೀಲ್ಡ್ ಬೆಳೆದಿತ್ತು. ಅಜ್ಜನ ಜನತಾ ಮೊಮ್ಮಗನ ಮೇಜಿಗೆ ಬಂದದ್ದು ಹೀಗೆ, ಮತ್ತು ಅಲ್ಲಿ ಅದಕ್ಕೆ ಹಳೆಯ ಕಾಲ ಅಷ್ಟಾಗಿ ಕಾಣದ ಒಂದು ಕಂಟಕ ಕಾದಿತ್ತು: ಅಯಸ್ಕಾಂತ.

ಲ್ಯಾಪ್‌ಟಾಪ್, ಸ್ಪೀಕರ್, ಇಯರ್‌ಫೋನ್ ಡಬ್ಬಿ, ಟ್ಯಾಬ್ಲೆಟ್‌ನ ಮುಚ್ಚಳ, ಎಲ್ಲದರಲ್ಲೂ ಬಲವಾದ ಅಯಸ್ಕಾಂತಗಳಿವೆ. ಅವುಗಳಿಗೆ ತಾಗಿಸಿ ಗಡಿಯಾರವಿಟ್ಟರೆ ಹೇರ್‌ಸ್ಪ್ರಿಂಗ್ ಕಾಂತತೆ ಪಡೆಯಬಹುದು. ಆಗ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ. ಅಂಟಿದ ಭಾಗ ಕೆಲಸ ಮಾಡದು, ಉಳಿದ ಸುರುಳಿ ಗಿಡ್ಡವಾದಂತೆಯೇ. ನಿನ್ನೆಯವರೆಗೆ ಅರ್ಧ ನಿಮಿಷ ಹಿಂದಿದ್ದ ಜನತಾ ಇಂದು ಏಕಾಏಕಿ ಇಪ್ಪತ್ತು ನಿಮಿಷ ಮುಂದೆ ಓಡಿದರೆ ಮೊದಲ ಅನುಮಾನ ಇದರ ಮೇಲಿರಲಿ. ಎಣ್ಣೆ ಒಣಗಿದ ಗಡಿಯಾರದ ಲಕ್ಷಣ ಬೇರೆ: ತೂಗಾಟ ಕುಗ್ಗಿ ಹೊತ್ತು ಅಸ್ಥಿರವಾಗುತ್ತದೆ, ಕೀ ಕೊಟ್ಟಿದ್ದರೂ ಆಗಾಗ ನಿಲ್ಲುತ್ತದೆ. ಅದನ್ನು ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಬೇಕು, ಅದು ಪಳಗಿದ ಕೈಯ ಕೆಲಸ. ಕಾಂತತೆಯನ್ನೋ ಮನೆಯಲ್ಲೇ ಪರೀಕ್ಷಿಸಬಹುದು. ಸಣ್ಣ ದಿಕ್ಸೂಚಿಯ ಬಳಿ ಗಡಿಯಾರವನ್ನು ನಿಧಾನವಾಗಿ ತಿರುಗಿಸಿ, ಮುಳ್ಳು ಅತ್ತಿತ್ತ ಹೊರಳಿದರೆ ಅನುಮಾನ ಗಟ್ಟಿಯಾಗುತ್ತದೆ.

ಇಂಥ ಗಡಿಯಾರ ನಿಮ್ಮಲ್ಲಿದ್ದರೆ, ಓಟ ತಗ್ಗಿಸಲೆಂದು ಆ ಸಣ್ಣ ಕಡ್ಡಿಯನ್ನು ಮುಟ್ಟಿಸಬೇಡಿ. ಮೊದಲು ಕಾಂತತೆ ತೆಗೆಸಿ, ಡಿಮ್ಯಾಗ್ನೆಟೈಸರ್ ಇರುವ ರಿಪೇರಿಯವರಿಗೆ ಅದು ಕೆಲವೇ ಕ್ಷಣಗಳ ಕೆಲಸ. ಆಮೇಲೂ ಹೊತ್ತು ತಪ್ಪಿದರೆ ಮಾತ್ರ ಕಡ್ಡಿ ಸರಿಸಲು ಹೇಳಿ.