ಕ್ರಿಯೆ ಹೆಸರಾದಾಗ ಮಾಡಿದವನು ಎಲ್ಲಿ ಹೋದ?

ತುರುವೇಕೆರೆ ಸೀಮೆಯ ತೆಂಗು ಬೆಳೆಗಾರರೊಬ್ಬರು ಕಚೇರಿಯ ಮುಂದೆ ಕುಳಿತು ಅರ್ಜಿ ಬರೆಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಬಾಯಲ್ಲಿ ಅವರು ಹೇಳುವುದು ಹೀಗೆ: “ತೋಟಕ್ಕೆ ನುಸಿ ಬಿದ್ದು ಎಳೆಗಾಯೆಲ್ಲ ಉದುರಿಹೋದವು ಸ್ವಾಮಿ. ಹೋದ ವರ್ಷವೇ ಅರ್ಜಿ ಕೊಟ್ಟಿದ್ದೆ. ಯಾರೂ ಬಂದು ನೋಡಲಿಲ್ಲ.” ಬರೆದುಕೊಡುವವರ ಕೈಯಲ್ಲಿ ಇದೇ ಮಾತು ಒಂದೇ ಸಾಲಿನ ‘ವಿಷಯ’ವಾಗುತ್ತದೆ: “ನುಸಿ ಪೀಡೆಯ ಬಾಧೆಯಿಂದಾದ ಎಳೆಗಾಯಿ ಉದುರುವಿಕೆಯ ಸ್ಥಳ ಪರಿಶೀಲನೆಯಲ್ಲಿನ ವಿಳಂಬದ ಕುರಿತು.”

ಎರಡನೆಯದು ನೋಡಲು ಗಂಭೀರವಾಗಿದೆ. ಆದರೆ ಅದರಲ್ಲಿ ಪೂರ್ಣ ಕ್ರಿಯಾಪದ ಒಂದೂ ಇಲ್ಲ. ಉದುರಿದ್ದು ‘ಉದುರುವಿಕೆ’ಯಾಯಿತು, ನೋಡುವುದು ‘ಪರಿಶೀಲನೆ’ಯಾಯಿತು. ಅರ್ಜಿ ಕೊಟ್ಟವರು ಯಾರು, ಯಾವಾಗ ಕೊಟ್ಟರು ಎಂಬುದು ಬಿಟ್ಟೇಹೋಯಿತು. ಎಲ್ಲಕ್ಕಿಂತ ಹೆಚ್ಚಾಗಿ, ‘ಯಾರೂ ಬರಲೇ ಇಲ್ಲ’ ಎಂಬ ದೂರು ‘ವಿಳಂಬ’ವಾಗಿ ಮೃದುವಾಯಿತು. ಬಾರದಿರುವುದೂ ತಡವಾಗಿ ಬರುವುದೂ ಒಂದೇ ಅಲ್ಲ.

ಕ್ರಿಯೆಯನ್ನು ನಾಮಪದವಾಗಿಸುವ ಈ ಪದ್ಧತಿ ಕಚೇರಿಯ ಕಾಗದಕ್ಕೆ ಮಾತ್ರ ಸೇರಿದ್ದಲ್ಲ. ಸಂಶೋಧನ ಪ್ರಬಂಧ, ಆಯೋಗದ ವರದಿ, ಪತ್ರಿಕೆಯ ಸಂಪಾದಕೀಯ ಎಲ್ಲವೂ ಇದರ ಮೇಲೆಯೇ ನಿಂತಿವೆ. ಹಾಗಾಗಿ ಇದನ್ನು ಬಿಟ್ಟುಬಿಡಿ ಎನ್ನುವಂತಿಲ್ಲ. ಯಾವ ಬಗೆಯ ನಾಮಪದ ಏನನ್ನು ಉಳಿಸುತ್ತದೆ, ಏನನ್ನು ಕಳೆಯುತ್ತದೆ ಎಂದು ತಿಳಿದಿರಬೇಕು, ಅಷ್ಟೆ.

ತೆಂಗಿನ ಸೀಮೆಯ ಇಬ್ಬರು

ಸ್ವಾರಸ್ಯವೆಂದರೆ, ಕನ್ನಡದ ಶಾಸ್ತ್ರೀಯ ಗದ್ಯವನ್ನು ಕಟ್ಟಿದವರಲ್ಲಿ ಇಬ್ಬರು ಈ ತೆಂಗಿನ ಸೀಮೆಯವರೇ. ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು 1884ರಲ್ಲಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ತೀ.ನಂ. ಶ್ರೀಕಂಠಯ್ಯನವರ ಊರು ನೆರೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ, ಹುಟ್ಟಿದ್ದು 1906ರಲ್ಲಿ. ಇಬ್ಬರೂ ಪ್ರಾಧ್ಯಾಪಕರು, ಇಬ್ಬರೂ ವಿದ್ವಾಂಸರು. ಇವರು ಇಟ್ಟ ಎರಡು ಶೀರ್ಷಿಕೆಗಳನ್ನು ಅಕ್ಕಪಕ್ಕ ಇಟ್ಟರೆ ನಮ್ಮ ವಿಷಯ ತಾನಾಗಿ ಬಿಚ್ಚಿಕೊಳ್ಳುತ್ತದೆ.

1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಬಿಎಂಶ್ರೀ ಮಾಡಿದ ಭಾಷಣದ ಹೆಸರು ‘ಕನ್ನಡ ಮಾತು ತಲೆಯೆತ್ತುವ ಬಗೆ’. ಇದೂ ಒಂದು ನಾಮಪದವೇ. ಆದರೆ ಒಳಗೆ ಇಡೀ ವಾಕ್ಯವೊಂದು ಜೀವಂತವಾಗಿದೆ. ತಲೆಯೆತ್ತುವುದು ಯಾವುದು? ಕನ್ನಡ ಮಾತು. ಏನು ಮಾಡುತ್ತದೆ? ತಲೆಯೆತ್ತುತ್ತದೆ. ‘ಎತ್ತುವ’ ಎಂಬಲ್ಲಿ ಕಾಲವೂ ಇದೆ. ಕೆಲಸ ಇನ್ನೂ ಮುಗಿದಿಲ್ಲ. ‘ಎತ್ತಿದ ಬಗೆ’ ಎಂದಿದ್ದರೆ ಮುಗಿದ ಕಥೆಯಾಗುತ್ತಿತ್ತು, ‘ಎತ್ತದ ಬಗೆ’ ಎಂದಿದ್ದರೆ ಆಗದ ಕಥೆ. ಇದೇ ವಿಷಯಕ್ಕೆ ಇಂದು ವಿದ್ಯಾರ್ಥಿಯೊಬ್ಬ ‘ಕನ್ನಡ ಭಾಷಾಭಿವೃದ್ಧಿಯ ವಿಧಾನ’ ಎಂದು ಹೆಸರಿಟ್ಟಾನು. ಅಲ್ಲಿ ಭಾಷೆ ತಾನೇ ಬೆಳೆಯುತ್ತದೆಯೋ, ಬೇರೆಯವರು ಬೆಳೆಸುತ್ತಾರೋ, ಈಗಾಗಲೇ ಬೆಳೆದಿದೆಯೋ ತಿಳಿಯುವುದಿಲ್ಲ.

ಇನ್ನು ತೀನಂಶ್ರೀಯವರದು 1953ರಲ್ಲಿ ಪ್ರಕಟವಾದ ‘ಭಾರತೀಯ ಕಾವ್ಯಮೀಮಾಂಸೆ’. ಇಲ್ಲಿ ವಾಕ್ಯವನ್ನು ಹುಡುಕುವುದು ತಪ್ಪು. ‘ಮೀಮಾಂಸೆ’ ಎಂದರೆ ಯಾರೋ ಒಬ್ಬರು ಒಂದು ದಿನ ವಿಚಾರ ಮಾಡಿದ್ದಲ್ಲ. ಶತಮಾನಗಳಿಂದ ನಡೆದುಬಂದ ಒಂದು ಶಾಸ್ತ್ರದ ಹೆಸರು. ಮಾಡಿದವರಾರು, ಎಂದು ಮಾಡಿದರು ಎಂಬುದನ್ನು ಕಳಚಿಹಾಕಿದರೇ ಅದು ಪಾರಿಭಾಷಿಕ ಪದವಾಗುವುದು. ನಷ್ಟವೆಂದು ನಾವು ಮೇಲೆ ಹೇಳಿದ್ದೇ ಇಲ್ಲಿ ಲಾಭ.

ಎರಡು ದಾರಿ

ಹೀಗೆ ಕನ್ನಡದಲ್ಲಿ ಕ್ರಿಯೆ ಹೆಸರಾಗಲು ಎರಡು ದಾರಿಗಳಿವೆ. ಒಂದು, ವಾಕ್ಯವನ್ನು ಹಾಗೆಯೇ ಇಟ್ಟು ಕೊನೆಯಲ್ಲಿ ‘ಉದು’, ‘ದ್ದು’ ಸೇರಿಸುವುದು ಅಥವಾ ‘ಬಗೆ’, ‘ರೀತಿ’, ‘ವಿಚಾರ’ದಂಥ ಪದ ಹಚ್ಚುವುದು: ಮಳೆ ಬರುವುದು, ಮಳೆ ಬಂದದ್ದು, ಮಳೆ ಬಾರದಿರುವುದು. ಕರ್ತೃ, ಕಾಲ, ನಿಷೇಧ ಮೂರೂ ಉಳಿಯುತ್ತವೆ.

ಇನ್ನೊಂದು, ಧಾತುವಿನಿಂದಲೇ ಹೊಸ ಪದ ಮಾಡುವುದು. ಶಾಲೆಯ ವ್ಯಾಕರಣದಲ್ಲಿ ಕೃದಂತ ಭಾವನಾಮವೆಂದು ಓದಿರುವುದು ಇದನ್ನೇ: ನಂಬಿಕೆ, ಒಪ್ಪಿಗೆ, ಓಟ, ಹೊಡೆತ, ಅಳಿವು, ಬೆಳವಣಿಗೆ. ಪರಿಶೀಲನೆ, ನಿರ್ವಹಣೆ ಮುಂತಾದ ಸಂಸ್ಕೃತ ಪದಗಳೂ ಇದೇ ಕೆಲಸ ಮಾಡುತ್ತವೆ. ಇಲ್ಲಿ ಕಾಲ ಹೋಗುತ್ತದೆ, ಕರ್ತೃ ಬೇಕಾದರೆ ಬರುತ್ತಾನೆ, ಇಲ್ಲದಿದ್ದರೆ ಇಲ್ಲ.

ಈ ದಾರಿಯಲ್ಲಿ ಎಡವುವ ಜಾಗವೊಂದಿದೆ. ಬಳಕೆಯಲ್ಲಿ ಹಳತಾದ ಭಾವನಾಮ ಕ್ರಿಯೆಯನ್ನು ಬಿಟ್ಟು ವಸ್ತುವಾಗಿಬಿಟ್ಟಿರುತ್ತದೆ. ‘ಸಾಕ್ಷಿಯ ಹೇಳಿಕೆ’ ಎಂದರೆ ಅವನು ಹೇಳಿದ ಮಾತು, ಹೇಳುವ ಕೆಲಸವಲ್ಲ. ಆ ಕೆಲಸವನ್ನೇ ಸೂಚಿಸಬೇಕಾದರೆ ‘ಹೇಳುವಿಕೆ’ ಬೇಕು. ‘ತಿಳಿವಳಿಕೆ’ಗೂ ‘ತಿಳಿಯುವಿಕೆ’ಗೂ ಇರುವ ಅಂತರವೂ ಇದೇ. ‘ವಿಕೆ’ ಹೆಚ್ಚುಕಡಿಮೆ ಎಲ್ಲ ಧಾತುಗಳಿಗೂ ಹತ್ತುತ್ತದೆ. ಆದ್ದರಿಂದಲೇ ಅದು ಅತಿಯಾಗುವುದೂ ಹೆಚ್ಚು.

ಎಲ್ಲಿ ಬೇಕು, ಎಲ್ಲಿ ಬೇಡ

ಪ್ರಬಂಧದಲ್ಲಿ ಭಾವನಾಮಕ್ಕೆ ನಿಜವಾದ ಕೆಲಸ ಇರುವುದು ಎರಡನೆಯ ವಾಕ್ಯದಲ್ಲಿ. ಉದಾಹರಣೆಗೆ: “1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಮುಂದೆ ಕರ್ನಾಟಕದ ತೋಟಗಳಿಗೂ ಹರಡಿತು. ಈ ಹರಡುವಿಕೆಗೆ ಗಾಳಿ ಒಂದು ಕಾರಣ.” ಮೊದಲ ವಾಕ್ಯದಲ್ಲಿ ಏನಾಯಿತು, ಎಲ್ಲಿ, ಯಾವಾಗ ಎಂದು ಕ್ರಿಯಾಪದವೇ ಹೇಳಿತು. ಆಮೇಲೆ ಅದನ್ನೆಲ್ಲ ‘ಹರಡುವಿಕೆ’ ಎಂಬ ಒಂದು ಪದದಲ್ಲಿ ಗಂಟುಕಟ್ಟಿ, ಅದರ ಮೇಲೆ ಹೊಸ ಮಾತು ಆಡಿದ್ದಾಯಿತು. ಓದುಗನಿಗೆ ಗೊತ್ತಾದುದನ್ನು ಮಾತ್ರ ಗಂಟುಕಟ್ಟಬೇಕು. ಗೊತ್ತಿಲ್ಲದ್ದನ್ನು ಗಂಟುಕಟ್ಟಿ ಕೊಟ್ಟರೆ ಬಿಚ್ಚುವ ಕೆಲಸ ಅವನ ಪಾಲಿಗೆ.

ಕೆಟ್ಟದ್ದನ್ನು ಗುರುತಿಸಲು ಒಂದು ಗುರುತಿದೆ. “ಪೀಡೆಯ ನಿಯಂತ್ರಣದ ಕ್ರಮಗಳ ಅನುಷ್ಠಾನದ ಪರಿಶೀಲನೆಯನ್ನು ಮಾಡಲಾಗಿದೆ” ಎಂಬಲ್ಲಿ ಷಷ್ಠೀ ವಿಭಕ್ತಿ ಸಾಲಾಗಿ ನಾಲ್ಕು ಬಾರಿ ಬಂದಿದೆ. ಕೊನೆಯ ‘ಮಾಡಲಾಗಿದೆ’ಗೆ ಕರ್ತೃವೇ ಇಲ್ಲ. ಎರಡಕ್ಕಿಂತ ಹೆಚ್ಚು ಷಷ್ಠಿ ಕೂಡಿದರೆ ನಿಂತು, ಪ್ರತಿಯೊಂದು ಭಾವನಾಮಕ್ಕೂ ‘ಯಾರು? ಯಾವಾಗ?’ ಎಂದು ಕೇಳಬೇಕು. ಉತ್ತರ ಓದುಗನಿಗೆ ಅಗತ್ಯವಿದ್ದರೆ ಆ ಪದವನ್ನು ಒಡೆದು ಮತ್ತೆ ಕ್ರಿಯಾಪದ ಮಾಡಬೇಕು: “ಪೀಡೆ ತಡೆಯಲು ಕೈಗೊಂಡ ಕ್ರಮಗಳು ಜಾರಿಯಾಗಿವೆಯೇ ಎಂದು ಅಧಿಕಾರಿಗಳು ಪರಿಶೀಲಿಸಿದ್ದಾರೆ.” ಅಗತ್ಯವಿಲ್ಲದಿದ್ದರೆ ಭಾವನಾಮ ಹಾಗೆಯೇ ಇರಲಿ.

1963ರ ರಾಜಭಾಷಾ ಕಾಯಿದೆ ಕನ್ನಡವನ್ನು ಆಡಳಿತ ಭಾಷೆಯಾಗಿಸಿತು. ಆದರೆ ಇಂಗ್ಲಿಷ್ ಕಡತದ ನಾಮಪದಗಳ ಸರಪಳಿ ಪದಕ್ಕೆ ಪದ ಕನ್ನಡಕ್ಕೆ ಇಳಿದಾಗ, ಭಾಷೆ ಬದಲಾದರೂ ಮರೆಯಾದ ಕರ್ತೃ ಮರೆಯಲ್ಲೇ ಉಳಿದ. ಕನ್ನಡಕ್ಕೆ ಬೇರೆ ದಾರಿ ಇತ್ತು ಎಂಬುದಕ್ಕೆ ಸಂಪಿಗೆಯಲ್ಲಿ ಹುಟ್ಟಿದವರ 1911ರ ಶೀರ್ಷಿಕೆಯೇ ಸಾಕ್ಷಿ.

ಆ ದಾರಿಯಲ್ಲಿ ನಮ್ಮ ಬೆಳೆಗಾರರ ಅರ್ಜಿಯ ವಿಷಯವನ್ನು ಹೀಗೂ ಬರೆಯಬಹುದು: “ನುಸಿಯಿಂದ ಎಳೆಗಾಯಿ ಉದುರಿದ ಬಗ್ಗೆ ನಾನು ಹೋದ ವರ್ಷ ಸಲ್ಲಿಸಿದ ಅರ್ಜಿಯ ಮೇಲೆ ಈವರೆಗೆ ಯಾರೂ ಸ್ಥಳ ಪರಿಶೀಲನೆ ಮಾಡದಿರುವ ಬಗ್ಗೆ.” ಕಚೇರಿಯ ಮರ್ಯಾದೆಗೆ ಕುಂದಿಲ್ಲ, ‘ಪರಿಶೀಲನೆ’ಯೂ ಇದೆ. ಕೊಟ್ಟವರು, ಕೊಟ್ಟ ಕಾಲ, ಆಗದ ಕೆಲಸ ಮೂರೂ ಕಾಗದದ ಮೇಲಿವೆ. ಇದಕ್ಕೆ ‘ವಿಳಂಬವಾಗಿದೆ’ ಎಂದಷ್ಟೇ ಉತ್ತರ ಬರೆಯುವುದು ಕಷ್ಟ.