ಗೃಹಸಸ್ಯಕೀಟಗಳು: ಛಾಯಾಚಿತ್ರದಿಂದ ಗುರುತಿಸುವಿಕೆ

ಕುಂಡದ ಗಿಡಗಳ ಎಳೆಗಾಂಡಕ್ಕೂ ಎಲೆಯ ಕೆಳಮೈಗೂ ಅಂಟಿಕೊಂಡು, ಸೂಜಿಯಂತಹ ಸೊಂಡಿಲಿನಿಂದ ರಸವನ್ನು ಹೀರಿ ಜೀವಿಸುವ ಹಿಟ್ಟುತಿಗಣೆ, ಶಲ್ಕಕೀಟ, ಸಸ್ಯಹೇನು ಇವು ಒಂದೇ ಗಣಕ್ಕೆ ಸೇರಿದ ನಿಕಟಬಂಧುಗಳು. ಇವುಗಳ ಮೈಯುದ್ದ ಸಾಮಾನ್ಯವಾಗಿ 5 ಮಿಲಿಮೀಟರಿಗೂ ಕಡಮೆಯಾದುದರಿಂದ, ಬರಿಗಣ್ಣಿಗೆ ಬಿಳಿಯ ಅಥವಾ ಕಂದುಬಣ್ಣದ ಚುಕ್ಕೆಯಾಗಿ ಮಾತ್ರ ತೋರುವ ಈ ಪ್ರಾಣಿಗಳನ್ನು ಛಾಯಾಚಿತ್ರದಲ್ಲಿ ಹಿಗ್ಗಿಸಿ ನೋಡುವಾಗಲೂ ಬಣ್ಣವೊಂದನ್ನೇ ನೆಚ್ಚುವವನು ಮೋಸಹೋಗುತ್ತಾನೆ. ನಂಬತಕ್ಕ ಗುರುತುಗಳು ಮೈಯ ಅಂಚಿನಲ್ಲಿಯೂ ಹಿಂತುದಿಯಲ್ಲಿಯೂ ಇವೆ.

ಹಿಟ್ಟುತಿಗಣೆಯ ಉದ್ದುರುಂಡೆಯ ಮೈ ಅಡ್ಡಗೆರೆಗಳಿಂದ ಖಂಡಖಂಡವಾಗಿದ್ದು, ಅಂಚಿನ ಸುತ್ತಲೂ ಮೇಣದ ಕಿರುಎಳೆಗಳು ಸಾಲಾಗಿ ಚಾಚಿರುತ್ತವೆ. ಸಸ್ಯಹೇನಿನ ಹಿಂಭಾಗದಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ನಳಿಕೆಗಳಿರುತ್ತವೆ. ಇವು ಸ್ಪಷ್ಟವಾಗಿ ಕಂಡಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಬೆಳೆದ ಹೆಣ್ಣು ಶಲ್ಕಕೀಟಕ್ಕಾದರೋ ಮೇಲಿನಿಂದ ನೋಡಿದರೆ ಕಾಲುಗಳೂ ಕಾಣವು, ಚಲನೆಯೂ ಕಾಣದು. ಆದುದರಿಂದಲೇ ಅದನ್ನು ತೊಗಟೆಯ ಗಂಟೆಂದು ಭ್ರಮಿಸುವುದು ಸಹಜ. ಮರದ ಕಡ್ಡಿಯಿಂದ ಮೆಲ್ಲನೆ ಮೀಟಿದರೆ ಕೀಟ ಏಳುತ್ತದೆ, ಗಂಟು ಏಳದು. ಮೀಟುವ ಮೊದಲೊಂದು, ಅನಂತರವೊಂದು ಚಿತ್ರ ತೆಗೆದಿಟ್ಟರೆ ನಿರ್ಣಯ ಸುಲಭವಾಗುತ್ತದೆ. ಜರಿಗಿಡದ ಎಲೆಯಡಿಯಲ್ಲಿ ನಾಳಗಳ ಇಕ್ಕೆಲದಲ್ಲಿ ಸಮಾನಾಂತರವಾಗಿ ಸಾಲುಗಟ್ಟಿದ ಕಂದುಬೊಟ್ಟುಗಳು ಮಾತ್ರ ಕೀಟಗಳಲ್ಲ, ಬೀಜಾಣುಗಳ ಗುಂಪುಗಳು. ಕೀಟವು ಅಂತಹ ಕ್ರಮವನ್ನು ಪಾಲಿಸುವುದಿಲ್ಲ.

ದಾಸವಾಳದ ಕುಡಿಯೊಂದರ ಚಿತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎಲೆಯಡಿಯಲ್ಲಿ ಚೆಲ್ಲಿದ ಬಿಳಿಯ ಚೂರುಗಳನ್ನು ಕಂಡೊಡನೆ ಹಿಟ್ಟುತಿಗಣೆಯೆಂಬ ಮಾತು ನಾಲಗೆಗೆ ಬರುತ್ತದೆ. ಆದರೆ ಓರೆಬೆಳಕಿನಲ್ಲಿ ತೆಗೆದ ಚಿತ್ರವನ್ನು ಹಿಗ್ಗಿಸಿದಾಗ, ಆ ಚೂರುಗಳು ಒಣಗಿ ಪೊಳ್ಳಾಗಿ, ದಪ್ಪವೇ ಇಲ್ಲದೆ, ಕಾಲುಗಳ ಆಕಾರವನ್ನು ಮಾತ್ರ ಉಳಿಸಿಕೊಂಡಿರುವುದೂ, ಅಂಚಿನಲ್ಲಿ ಮೇಣದ ಎಳೆಗಳಿಲ್ಲದಿರುವುದೂ, ಪಕ್ಕದ ಮೊಗ್ಗಿನ ಬುಡದಲ್ಲಿ ಕಪ್ಪುನಳಿಕೆಗಳುಳ್ಳ ಹಸುರುಮೈಗಳು ಒತ್ತೊತ್ತಾಗಿ ಕುಳಿತಿರುವುದೂ ಗೋಚರಿಸುತ್ತವೆ: ಅವು ಸಸ್ಯಹೇನುಗಳು ಬೆಳೆಯುತ್ತ ಕಳಚಿದ ಪೊರೆಗಳು. ಕೆಳಗಿನ ಎಲೆಗಳ ಜಿಗುಟಾದ ಹೊಳಪು ಇಲ್ಲಿ ಪ್ರಮಾಣವಾಗದು. ಹಿಟ್ಟುತಿಗಣೆಯೂ ಮೆದುಶಲ್ಕವೂ ಅಂತಹದೇ ಸಿಹಿಸ್ರಾವವನ್ನು ಸುರಿಸುತ್ತವೆ. ಗಟ್ಟಿಚಿಪ್ಪಿನ ಶಲ್ಕವೊಂದು ಮಾತ್ರ ಅದನ್ನು ಸ್ರವಿಸದು.

ಇನ್ನೊಂದು ಭ್ರಾಂತಿ ಹೆಚ್ಚು ಹಾನಿಕರ. ಕಾಫಿಯ ಹಸುರುಶಲ್ಕವನ್ನು ಅಡಗಿಸಲೆಂದು 1898ರಲ್ಲಿ ಆಸ್ಟ್ರೇಲಿಯದಿಂದ ಭಾರತಕ್ಕೆ ತರಲಾದ, ಹಿಟ್ಟುತಿಗಣೆಗಳನ್ನೇ ಬೇಟೆಯಾಡುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿಹುಳುವಿನ ಮರಿಯು ತನ್ನ ಆಹಾರದಂತೆಯೇ ಬಿಳಿಯ ಮೇಣವನ್ನು ಹೊದ್ದಿರುತ್ತದೆ. ಪೀಡೆಯೆಂದೇ ಬಗೆದು ಉಪಕಾರಿಯನ್ನು ಹೊಸಕಿಬಿಡುವವರುಂಟು. ಬಲಿತ ಮರಿ ಹಿಟ್ಟುತಿಗಣೆಗಿಂತ ಬಹಳ ಉದ್ದ, ಅದರ ಎಳೆಗಳು ಕೆದರಿದಂತೆ ನೀಳವಾಗಿವೆ, ನಡೆಯೂ ಚುರುಕು. ಗಾತ್ರ ತಿಳಿಯಲೆಂದು ಚಿತ್ರದಲ್ಲಿ ಅಳತೆಪಟ್ಟಿಯನ್ನಿಡುವುದೂ, ಕೆಲವು ನಿಮಿಷ ಬಿಟ್ಟು ಅದೇ ಸ್ಥಳದ ಎರಡನೆಯ ಚಿತ್ರವನ್ನು ತೆಗೆಯುವುದೂ ಇದಕ್ಕಾಗಿಯೇ.

ಶಲ್ಕಕೀಟ ಸತ್ತ ಮೇಲೂ ಚಿಪ್ಪು ಬಹುಕಾಲ ಕಾಂಡಕ್ಕೆ ಅಂಟಿಕೊಂಡೇ ಇರುವುದರಿಂದ, ಔಷಧಿ ಸಿಂಪಡಿಸಿದ ಬಳಿಕ ತೆಗೆದ ಚಿತ್ರವೊಂದೇ ಕೀಟದ ಅಳಿವು ಉಳಿವನ್ನು ಹೇಳಲಾರದು. ಚಿಪ್ಪನ್ನು ಎತ್ತಿದಾಗ ಒಳಗೆ ರಸಭರಿತ ಮೈಯಿದೆಯೋ ಒಣಪುಡಿಯಿದೆಯೋ ಎಂಬುದನ್ನು ನೋಡಬೇಕು. ಜಾತಿನಿರ್ಣಯವಂತೂ ಬಹುತೇಕ ಬೆಳೆದ ಹೆಣ್ಣನ್ನು ಗಾಜಿನ ಪಟ್ಟಿಯ ಮೇಲೆ ಸಜ್ಜುಗೊಳಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಯೇ ಆಗತಕ್ಕುದು.