ಬ್ಯಾಂಕ್ ಖಾತೆಯ ನಾಮಿನಿಯೂ ವಾರಸುದಾರರೂ
ತಾನು ತೀರಿಕೊಂಡ ಮೇಲೆ ಹಣ ಯಾರ ಕೈಗೆ ಕೊಡಬೇಕೆಂದು ಖಾತೆದಾರರು ಬ್ಯಾಂಕಿಗೆ ಬರೆದುಕೊಟ್ಟ ವ್ಯಕ್ತಿಯೇ ನಾಮಿನಿ. ನಾಮಿನಿಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ಮುಗಿಯಿತು. ಆದರೆ ಅಷ್ಟಕ್ಕೇ ಆ ಹಣ ನಾಮಿನಿಯದಾಗುವುದಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಉಯಿಲು ಇದ್ದರೆ ಅದರಂತೆ, ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹಂಚಿಕೆಯಾಗಬೇಕು. ಈ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ.

ಒಬ್ಬರು ಸ್ವಂತ ದುಡಿಮೆಯ 8 ಲಕ್ಷ ರೂಪಾಯಿ ಠೇವಣಿಗೆ ಮಗನನ್ನು ನಾಮಿನಿ ಮಾಡಿ, ಉಯಿಲು ಬರೆಯದೆ ತೀರಿಕೊಂಡರು ಎನ್ನೋಣ. ತಾಯಿ, ಹೆಂಡತಿ, ಮಗ, ಮದುವೆಯಾದ ಮಗಳು ಇದ್ದಾರೆ. ಹಣವೆಲ್ಲ ಮಗನ ಕೈಗೆ ಬಂದರೂ ಅವನ ಪಾಲು 2 ಲಕ್ಷ ಮಾತ್ರ. ಉಳಿದ ಮೂವರಿಗೂ ತಲಾ 2 ಲಕ್ಷ. ‘ಮಗಳಿಗೆ ಮದುವೆಯಲ್ಲೇ ಕೊಟ್ಟಾಗಿದೆ’ ಎಂಬ ಮಾತು ಇಲ್ಲಿ ನಡೆಯದು. ಮಗ ಕೊಡದಿದ್ದರೆ ದಾವೆ ಹೂಡಬೇಕಾದದ್ದು ಅವನ ಮೇಲೆ, ಬ್ಯಾಂಕಿನ ಮೇಲಲ್ಲ.